ಲೈಸೆನ್ಸ್ ಚಲನ್‌ನಲ್ಲಿ 5,600 ರೂಪಾಯಿ: ಇದು ಶುಲ್ಕವೋ, ತೆರಿಗೆಯೋ?

ಮೆಸ್ ನಡೆಸುವವ

ಎಲ್ಲರಿಗೂ ನಮಸ್ಕಾರ. ಮೈಸೂರು ಪಕ್ಕದ ಒಂದು ಪಟ್ಟಣದಲ್ಲಿ ಕಾಲೇಜು ಹುಡುಗರಿಗೆ ಚಿಕ್ಕ ಮೆಸ್ ನಡೆಸುತ್ತಿದ್ದೇನೆ. ಊರಿನ ಹೆಸರು ಬೇಡ. ಏಪ್ರಿಲ್‌ನಲ್ಲಿ ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಹೋದೆ. ಹೋದ ವರ್ಷ 2,000 ಕಟ್ಟಿದ್ದೆ. ಈ ಸಲ ಚಲನ್ 5,600ಕ್ಕೆ ಬಂದಿದೆ. ಅದರಲ್ಲಿ ಎರಡು ಸಾಲು ಇವೆ. ಉದ್ದಿಮೆ ಪರವಾನಗಿ ಶುಲ್ಕ 3,200. ಘನತ್ಯಾಜ್ಯ ಶುಲ್ಕ 2,400.

ನನ್ನ ತಕರಾರು ಇಷ್ಟು. ಲೈಸೆನ್ಸ್ ಕೊಟ್ಟ ಮೇಲೆ ಆರೋಗ್ಯ ನಿರೀಕ್ಷಕರು ಒಂದು ಸಲವೂ ಅಡುಗೆಮನೆ ನೋಡಿಲ್ಲ. ಕಸದ ವಿಷಯ ಹೇಳುವುದಾದರೆ, ಮಿಕ್ಕ ಅನ್ನ, ತರಕಾರಿ ಸಿಪ್ಪೆ ಎಲ್ಲ ಡ್ರಮ್‌ಗೆ ತುಂಬಿಸಿ ಇಡುತ್ತೇವೆ, ಹಂದಿ ಸಾಕುವವರು ಬೆಳಿಗ್ಗೆ ಬಂದು ಒಯ್ಯುತ್ತಾರೆ. ಪುರಸಭೆ ಆಟೋಗೆ ಹಾಕುವುದು ಹಾಲಿನ ಕವರ್, ರಟ್ಟು ಅಷ್ಟೇ. ಇದರ ಜೊತೆಗೆ ಕಟ್ಟಡದ ಮಾಲೀಕರು ಕಂದಾಯದಲ್ಲೇ ಕಸದ ಸೆಸ್ ಕಟ್ಟಿ, ಅದನ್ನು ನನ್ನ ಬಾಡಿಗೆಗೆ ಸೇರಿಸಿದ್ದಾರೆ.

ಶುಲ್ಕ ಅಂದರೆ ಅದಕ್ಕೆ ಪ್ರತಿಯಾಗಿ ಏನಾದರೂ ಸಿಗಬೇಕು, ಕ್ವಿಡ್ ಪ್ರೊ ಕೊ ಇರಬೇಕು ಅಂತ ಓದಿದ್ದೇನೆ. ನನಗೆ ಏನೂ ಸಿಗುತ್ತಿಲ್ಲ. ಹಾಗಾದರೆ ಕಟ್ಟದೆ ಇರಬಹುದಾ?

ಹಕ್ಕಿನ ಮಾತು

ಖಂಡಿತ ಕಟ್ಟಬೇಡಿ ಅಣ್ಣ. ಕಾನೂನು ಸ್ಪಷ್ಟವಾಗಿದೆ. ತೆರಿಗೆಗೆ ಪ್ರತಿಫಲ ಬೇಕಿಲ್ಲ, ಶುಲ್ಕಕ್ಕೆ ಬೇಕು. ಶಿರೂರು ಮಠದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ಇದನ್ನು ಹೇಳಿಬಿಟ್ಟಿದೆ. ನಿಮಗೆ ಸೇವೆ ಕೊಟ್ಟಿಲ್ಲ ಅಂದರೆ ಅದು ಶುಲ್ಕವೇ ಅಲ್ಲ, ಶುಲ್ಕದ ವೇಷದ ತೆರಿಗೆ. ಪುರಸಭೆ ತನಗೆ ಬೇಕಾದಂತೆ ತೆರಿಗೆ ಹಾಕುವಂತಿಲ್ಲ. ಸಂವಿಧಾನದ 265ನೇ ವಿಧಿ ನೋಡಿ. ಕಾನೂನಿನ ಬಲ ಇಲ್ಲದೆ ಯಾವ ತೆರಿಗೆಯನ್ನೂ ವಸೂಲಿ ಮಾಡುವಂತಿಲ್ಲ. ಚಲನ್ ವಾಪಸ್ ಕೊಟ್ಟು ಬನ್ನಿ.

ಬೋಗಾದಿ ರಸ್ತೆ ನಿವಾಸಿ

ನಮ್ಮದೂ ಇದೇ ಗೋಳು ಸರ್. ರಿಂಗ್ ರೋಡ್ ಆಚೆ ಖಾಸಗಿ ಲೇಔಟ್‌ನಲ್ಲಿ ಮನೆ. ಬೀದಿ ದೀಪ ಇಲ್ಲ, ಚರಂಡಿ ಅರ್ಧಕ್ಕೆ ನಿಂತಿದೆ, ಕುಡಿಯುವ ನೀರಿಗೆ ಟ್ಯಾಂಕರ್. ಆದರೆ ಕಂದಾಯ ಮಾತ್ರ ತಪ್ಪದೆ ಕೇಳುತ್ತಾರೆ. ಮೇಲಿನವರು ಹೇಳಿದ ಕ್ವಿಡ್ ಪ್ರೊ ಕೊ ಪ್ರಕಾರ ನಾವೂ ಕಂದಾಯ ನಿಲ್ಲಿಸಬಹುದು ಅಲ್ವಾ? ನಮ್ಮ ಸಂಘದಲ್ಲಿ ಇದೇ ಚರ್ಚೆ ನಡೀತಿದೆ.

ಮಂಡ್ಯ ವಕೀಲೆ

ಮೊದಲು ಬೋಗಾದಿ ಕಡೆಯವರಿಗೆ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮದು ಬೇರೆ ಪ್ರಶ್ನೆ. ಕಂದಾಯ ತೆರಿಗೆ. ಅದು ನಿಮ್ಮ ಆಸ್ತಿಯ ಮೇಲೆ ಬೀಳುತ್ತದೆ, ನೀವು ಪಡೆದ ಸೌಕರ್ಯದ ಮೇಲಲ್ಲ. ದೀಪ ಇಲ್ಲ ಅಂತ ಕಂದಾಯ ನಿಲ್ಲಿಸಿದರೆ ಬಡ್ಡಿ ದಂಡ ಬೆಳೆಯುತ್ತದೆ, ಬೇರೇನೂ ಆಗುವುದಿಲ್ಲ. ದೀಪ, ಚರಂಡಿ ಕೇಳುವುದಕ್ಕೆ ಬೇರೆ ದಾರಿ ಇದೆ. ಲೇಔಟ್ ಮಾಡಿದವರು ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ್ದಾರಾ ಅಂತ ಮೊದಲು ನೋಡಿ. ಅರ್ಧಕ್ಕರ್ಧ ತೊಂದರೆ ಅಲ್ಲೇ ಇರುತ್ತದೆ.

ಈಗ ಮೆಸ್‌ನವರಿಗೆ. ದಯವಿಟ್ಟು ಚಲನ್ ವಾಪಸ್ ಕೊಟ್ಟು ಬರಬೇಡಿ. ಲೈಸೆನ್ಸ್ ಇಲ್ಲದೆ ಮೆಸ್ ನಡೆಸುವುದೇ ಅಪರಾಧ. ಶುಲ್ಕದ ಜಗಳದಲ್ಲಿ ಅವರು ಬಾಗಿಲಿಗೆ ಸೀಲ್ ಹಾಕಿದರೆ ನಿಮ್ಮ ಒಳ್ಳೆಯ ವಾದವನ್ನು ಕೇಳುವವರು ಯಾರೂ ಇರುವುದಿಲ್ಲ. ಲಿಖಿತ ಆಕ್ಷೇಪಣೆ ಸಲ್ಲಿಸಿ, ಅದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಂಡು, ಆಮೇಲೆ ಕಟ್ಟಿ.

'ಹಕ್ಕಿನ ಮಾತು' ಅವರು ಹೇಳಿದ್ದರಲ್ಲಿ ಅರ್ಧ ಸರಿ. ಶಿರೂರು ಮಠದ ಕೇಸಿನಲ್ಲಿ ಮಠಗಳ ಆದಾಯದ ಶೇ 5ರವರೆಗೆ ಸರ್ಕಾರ ವಂತಿಗೆ ಕೇಳಿತ್ತು. ಆ ಹಣ ಸರ್ಕಾರದ ಸಂಚಿತ ನಿಧಿಗೆ ಸೇರಿ ಬೆರೆತುಹೋಗುತ್ತಿತ್ತು. ಮಠಗಳಿಗಾಗಿ ಎಷ್ಟು ಖರ್ಚು ಮಾಡಿದರು ಅನ್ನುವುದಕ್ಕೂ ವಂತಿಗೆಗೂ ಸಂಬಂಧ ಇರಲಿಲ್ಲ. ಹಾಗಾಗಿ ಅದು ತೆರಿಗೆ ಅಂದರು. ಆದರೆ ಆ ತೀರ್ಪಿಗೆ 70 ವರ್ಷ ದಾಟಿದೆ. ಆಮೇಲೆ ಕೋರ್ಟ್ ತುಂಬಾ ದೂರ ಬಂದಿದೆ. 'ನನಗೆ ಏನು ಸಿಕ್ಕಿತು' ಅಂತ ಒಬ್ಬೊಬ್ಬರೂ ರೂಪಾಯಿ ಲೆಕ್ಕ ಕೇಳುವುದನ್ನು ಈಗ ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ.

ಕಲ್ಲಿಕೋಟೆಯ ಒಂದು ಕೇಸ್ ಕೇಳಿ. ತೆಂಗಿನ ಮಟ್ಟೆ ನೆನೆಹಾಕಿ ನಾರು ತೆಗೆಯುವವರ ಮೇಲೆ ಅಲ್ಲಿನ ನಗರಪಾಲಿಕೆ ಲೈಸೆನ್ಸ್ ಶುಲ್ಕ ಹಾಕಿತು. 'ನಮಗೆ ಪಾಲಿಕೆ ಏನೂ ಮಾಡಿಕೊಡುತ್ತಿಲ್ಲ' ಅಂತ ಅವರು ಕೋರ್ಟಿಗೆ ಹೋದರು. ಹೈಕೋರ್ಟ್ ಅವರ ಪರ ನಿಂತಿತು. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮಟ್ಟೆ ಕೊಳೆತರೆ ನೀರು, ಗಾಳಿ ಕೆಡುತ್ತವೆ. ಊರಿನ ಆರೋಗ್ಯ ಕಾಯಲು ಪಾಲಿಕೆ ಸಿಬ್ಬಂದಿ ಇಟ್ಟಿದೆ. ಆ ಸಂಬಂಧ ಸಾಕು, ಶುಲ್ಕ ಕಟ್ಟಿದವನ ಮನೆ ಬಾಗಿಲಿಗೇ ಸೇವೆ ಬರಬೇಕಿಲ್ಲ ಅಂದಿತು. ನಿಮ್ಮ ಮೆಸ್‌ಗೆ ನಿರೀಕ್ಷಕರು ಬಂದಿಲ್ಲ ಅನ್ನುವ ವಾದ ಇದೇ ಕಲ್ಲಿಗೆ ಎಡವುತ್ತದೆ.

ಹಕ್ಕಿನ ಮಾತು

ಮೇಡಂ, ಹಾಗಾದರೆ ಶುಲ್ಕಕ್ಕೂ ತೆರಿಗೆಗೂ ವ್ಯತ್ಯಾಸವೇ ಉಳಿಯಲಿಲ್ಲವಲ್ಲ? ಸಿಬ್ಬಂದಿ ಇಟ್ಟಿದ್ದೇವೆ ಅಂದರೆ ಸಾಕು, ಎಷ್ಟು ಬೇಕಾದರೂ ಎತ್ತಬಹುದು ಅಂತಾಯಿತು. ನಾನು ಒಪ್ಪುವುದಿಲ್ಲ.

ನಿವೃತ್ತ ಲೆಕ್ಕಿಗ

ವ್ಯತ್ಯಾಸ ಉಳಿದಿದೆ ತಮ್ಮಾ. ಅದು ಒಬ್ಬರ ರಸೀದಿಯಲ್ಲಿ ಕಾಣುವುದಿಲ್ಲ, ಒಟ್ಟು ಲೆಕ್ಕದಲ್ಲಿ ಕಾಣುತ್ತದೆ. ನಾನು ಪುರಸಭೆಗಳ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ಉದಾಹರಣೆ ಹಾಕುತ್ತೇನೆ. ಯಾವ ಊರಿನದ್ದೂ ಅಲ್ಲ, ಲೆಕ್ಕ ತಿಳಿಯಲಿ ಅಂತ ಅಷ್ಟೇ.

ಒಂದು ಪುರಸಭೆಯಲ್ಲಿ 1,200 ಅಂಗಡಿ, ಹೋಟೆಲ್ ಇವೆ ಅನ್ನಿ. ಲೈಸೆನ್ಸ್ ಶುಲ್ಕ ವರ್ಷಕ್ಕೆ 30 ಲಕ್ಷ ಬರುತ್ತದೆ. ಇದಕ್ಕೆ ಎದುರಾಗಿ ಖರ್ಚು ತೋರಿಸಬೇಕು. ಇಬ್ಬರು ಆರೋಗ್ಯ ನಿರೀಕ್ಷಕರ ಸಂಬಳ 14 ಲಕ್ಷ. ಆದರೆ ಅವರು ಬೆಳಿಗ್ಗೆ ಪೌರಕಾರ್ಮಿಕರ ಹಾಜರಿ ನೋಡುತ್ತಾರೆ, ಜನನ ಮರಣದ ಕೆಲಸ ಇರುತ್ತದೆ, ಡೆಂಗಿ ಬಂದರೆ ಫಾಗಿಂಗ್ ಹಿಂದೆ ಓಡುತ್ತಾರೆ. ಲೈಸೆನ್ಸ್ ಕೆಲಸಕ್ಕೆ ಅರ್ಧ ಅಂತ ಹಿಡಿದರೆ 7 ಲಕ್ಷ. ಲೈಸೆನ್ಸ್ ಟೇಬಲ್‌ನ ಗುಮಾಸ್ತರು, ಕಂಪ್ಯೂಟರ್ ಆಪರೇಟರ್ ಸೇರಿ 5 ಲಕ್ಷ. ನೀರಿನ ಮಾದರಿ ಪರೀಕ್ಷೆ, ಸ್ಟೇಷನರಿ, ಜೀಪಿನ ಡೀಸೆಲ್ 2 ಲಕ್ಷ. ಒಟ್ಟು 14 ಲಕ್ಷ.

30 ಬಂದು 14 ಖರ್ಚಾದರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ಆಗ ಏನು ಮಾಡುತ್ತಾರೆ ಅಂದರೆ, ಪೇಟೆ ಬೀದಿಯ ದೀಪದ ಬಿಲ್ 10 ಲಕ್ಷವನ್ನೂ ಇದೇ ಪಟ್ಟಿಗೆ ಸೇರಿಸುತ್ತಾರೆ. 'ಅಂಗಡಿಯವರಿಗೇ ತಾನೇ ದೀಪ' ಅನ್ನುತ್ತಾರೆ. 24 ಆಯಿತು. ಈಗ 30ಕ್ಕೆ 24, ಎಲ್ಲರೂ ನೆಮ್ಮದಿ.

ಇಲ್ಲೇ ನೋಡಬೇಕಾದ ಜಾಗ ಇರುವುದು. ಬೀದಿ ದೀಪ ಹಾಕುವುದು ಪುರಸಭೆಯ ಕಡ್ಡಾಯ ಕರ್ತವ್ಯ. ಲೈಸೆನ್ಸ್ ತೆಗೆದುಕೊಂಡವರಿರಲಿ, ಇಲ್ಲದಿರಲಿ, ಅದನ್ನು ಹಾಕಲೇಬೇಕು. ಅದನ್ನು ಲೈಸೆನ್ಸ್‌ದಾರರಿಗೆ ಮಾಡಿದ ವಿಶೇಷ ಕೆಲಸ ಅಂತ ತೋರಿಸುವಂತಿಲ್ಲ.

ಮಂಡ್ಯ ವಕೀಲೆ

ಲೆಕ್ಕಿಗರ ಮಾತಿಗೆ ತೀರ್ಪಿನ ಬಲವೂ ಇದೆ. ವಾರಾಣಸಿಯಲ್ಲಿ ಸೈಕಲ್ ರಿಕ್ಷಾ ಮಾಲೀಕರು ಮತ್ತು ಓಡಿಸುವವರ ಮೇಲೆ ಲೈಸೆನ್ಸ್ ಶುಲ್ಕ ಹಾಕಿದ್ದರು. ಗಲ್ಲಿಗೆ ಕಲ್ಲು ಹಾಸಿದ್ದು, ಬೀದಿ ದೀಪ ಹಾಕಿದ್ದು ಎಲ್ಲವನ್ನೂ ರಿಕ್ಷಾದವರಿಗೆ ಮಾಡಿದ ಸೇವೆ ಅಂತ ತೋರಿಸಿದರು. 1968ರಲ್ಲಿ ಸುಪ್ರೀಂ ಕೋರ್ಟ್ ಆ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿತು. ಉಳಿದ ಖರ್ಚು ಶುಲ್ಕಕ್ಕೆ ತಾಳೆಯಾಗಲಿಲ್ಲ. ಶುಲ್ಕ ಬಿದ್ದುಹೋಯಿತು.

ಮೆಸ್ ನಡೆಸುವವ

ಇದು ನನಗೆ ಉಪಯೋಗಕ್ಕೆ ಬರುವ ಮಾತು. ಆದರೆ ಒಂದು ಗೊತ್ತಾಗಲಿಲ್ಲ. 30ಕ್ಕೆ 14 ಅಂದರೆ ಅರ್ಧಕ್ಕಿಂತ ಕಡಿಮೆ. ಎಷ್ಟಿದ್ದರೆ ಸರಿ? ಒಂದು ಗೆರೆ ಅಂತ ಇದೆಯಾ?

ಮಂಡ್ಯ ವಕೀಲೆ

ಒಂದು ಕಾಲಕ್ಕೆ ಇತ್ತು. ಪಂಜಾಬ್‌ನಲ್ಲಿ ಕೃಷಿ ಮಾರುಕಟ್ಟೆ ಶುಲ್ಕವನ್ನು ನೂರಕ್ಕೆ 2 ರೂಪಾಯಿಯಿಂದ 3 ರೂಪಾಯಿಗೆ ಏರಿಸಿದಾಗ ಕೇವಲ್ ಕೃಷ್ಣ ಪುರಿ ಅನ್ನುವ ಕೇಸ್ ಬಂತು. ಶುಲ್ಕದ ಮೂರರಲ್ಲಿ ಎರಡು ಪಾಲು ಅಥವಾ ನಾಲ್ಕರಲ್ಲಿ ಮೂರು ಪಾಲಿನಷ್ಟಾದರೂ ಕಟ್ಟಿದವರ ಸೇವೆಗೆ ಹೋಗುತ್ತಿದೆ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2 ರೂಪಾಯಿ ಉಳಿಯಿತು, 3 ರೂಪಾಯಿ ಬಿತ್ತು. ಲೆಕ್ಕಿಗರ ಉದಾಹರಣೆಗೆ ಆ ಅಳತೆ ಹಿಡಿದರೆ 30ಕ್ಕೆ ಕನಿಷ್ಠ 20 ಬೇಕು. 14 ಸಾಲದು.

ಆದರೆ 1983ರಲ್ಲಿ ಆಂಧ್ರದ ಶ್ರೀನಿವಾಸ ಜನರಲ್ ಟ್ರೇಡರ್ಸ್ ಕೇಸಿನಲ್ಲಿ ಅದೇ ಕೋರ್ಟ್ ಅದನ್ನು ಸಡಿಲಿಸಿತು. ಗಣಿತದ ಹಾಗೆ ತಾಳೆ ನೋಡಬೇಕಿಲ್ಲ, ಶುಲ್ಕಕ್ಕೂ ಖರ್ಚಿಗೂ ಒಟ್ಟಾರೆ ಹೊಂದಾಣಿಕೆ ಇದ್ದರೆ ಸಾಕು ಅಂದಿತು. ಈಗ ನಡೆಯುತ್ತಿರುವುದು ಈ ದಾರಿಯೇ. ಇನ್ನೂ ಒಂದು ಇದೆ. ಲೈಸೆನ್ಸ್ ಶುಲ್ಕದಲ್ಲಿ ನಿಯಂತ್ರಣಕ್ಕಾಗಿ ಹಾಕುವ ಬಗೆ ಬೇರೆ, ಸೇವೆಯ ಖರ್ಚಿಗೆ ಹಾಕುವ ಬಗೆ ಬೇರೆ. ನಿಯಂತ್ರಣದ ಶುಲ್ಕಕ್ಕೆ ಪ್ರತಿಫಲವನ್ನೇ ಕೇಳುವಂತಿಲ್ಲ. ಅದು ವಿಪರೀತ ಆಗಿರಬಾರದು, ಅಷ್ಟೇ.

30ಕ್ಕೆ 14 ವಿಪರೀತವೇ? ನಾನು ಮೆಸ್‌ನವರ ಪರ ಇದ್ದರೆ ಹೌದು ಅಂತ ವಾದಿಸುತ್ತೇನೆ. ಗೆಲುವು ಖಾತ್ರಿ ಅಂತ ಹೇಳಲಾರೆ. ಎದುರಿನವರು ಮೇಲಧಿಕಾರಿಗಳ ಸಂಬಳದ ಪಾಲು, ಕಚೇರಿ ಬಾಡಿಗೆ ಅಂತ ಇನ್ನಷ್ಟು ಸೇರಿಸುತ್ತಾರೆ, ನ್ಯಾಯಾಧೀಶರು ಅದರಲ್ಲಿ ಸ್ವಲ್ಪ ಒಪ್ಪಲೂಬಹುದು.

ಹಕ್ಕಿನ ಮಾತು

ಸರಿ, ತಾಳೆಯಾಗಲಿಲ್ಲ ಅನ್ನಿ. ಅದು ತೆರಿಗೆ ಅಂತ ಕೋರ್ಟ್ ಹೇಳಿತು ಅನ್ನಿ. ಆಗಲಾದರೂ ನಾವು ಗೆದ್ದ ಹಾಗೆ ತಾನೇ?

ಮಂಡ್ಯ ವಕೀಲೆ

ಹಾಗೇನೂ ಇಲ್ಲ. ಇಲ್ಲಿ ತುಂಬಾ ಜನ ಮುಗ್ಗರಿಸುತ್ತಾರೆ. ಕಲ್ಕತ್ತಾದ ಲಿಬರ್ಟಿ ಸಿನಿಮಾ ಕೇಸ್ ನೋಡಿ. ಆ ಥಿಯೇಟರ್ ವರ್ಷಕ್ಕೆ 400 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟುತ್ತಿತ್ತು. 1958ರಲ್ಲಿ ಪಾಲಿಕೆ ಶುಲ್ಕದ ರೀತಿ ಬದಲಿಸಿ ಪ್ರತಿ ಆಟಕ್ಕೆ ಇಷ್ಟು ಅಂತ ಮಾಡಿತು. 400 ಇದ್ದದ್ದು 6,000ಕ್ಕೆ ಏರಿತು. ಥಿಯೇಟರಿನವರು ನಿಮ್ಮ ಹಾಗೇ ವಾದಿಸಿದರು. ಸೇವೆ ಇಲ್ಲ, ಆದ್ದರಿಂದ ಶುಲ್ಕ ಅಲ್ಲ ಅಂದರು. ಸುಪ್ರೀಂ ಕೋರ್ಟ್ 'ನಿಜ, ಇದು ಶುಲ್ಕ ಅಲ್ಲ, ತೆರಿಗೆ' ಅಂದಿತು. ಆಮೇಲೆ 'ಕಾಯ್ದೆಯಲ್ಲೇ ಈ ತೆರಿಗೆ ಹಾಕುವ ಅಧಿಕಾರ ಪಾಲಿಕೆಗೆ ಇದೆ' ಅಂತ ಅದನ್ನು ಎತ್ತಿಹಿಡಿಯಿತು. ಐವರಲ್ಲಿ ಮೂವರ ತೀರ್ಪು. ಥಿಯೇಟರಿನವರು ವಾದ ಗೆದ್ದರು, ಕೇಸ್ ಸೋತರು.

ಅದಕ್ಕೇ ನಾನು ಕಕ್ಷಿದಾರರಿಗೆ ಪ್ರತಿಫಲದ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿ ಅನ್ನುತ್ತೇನೆ. ಮೊದಲ ಪ್ರಶ್ನೆ ಅಧಿಕಾರದ್ದು. ಈ ಹಣ ಕೇಳುವ ಬಲ ಕಾಯ್ದೆಯ ಯಾವ ಕಲಂನಿಂದ ಬಂತು? ಯಾವ ಬೈಲಾದಿಂದ, ಅಂದರೆ ಪುರಸಭೆಯ ಯಾವ ಉಪನಿಯಮದಿಂದ ಬಂತು? ದರ ನಿಗದಿ ಮಾಡಿದ್ದು ಯಾರು, ಯಾವಾಗ? ಅಹಮದಾಬಾದ್‌ನ ನಗರಾಭಿವೃದ್ಧಿ ಪ್ರಾಧಿಕಾರ 'ಅಭಿವೃದ್ಧಿ ಶುಲ್ಕ' ಕೇಳಿದಾಗ, ಕಾಯ್ದೆಯಲ್ಲಿ ಸ್ಪಷ್ಟವಾಗಿ ಅಧಿಕಾರ ಕೊಟ್ಟಿಲ್ಲದಿದ್ದರೆ ಶುಲ್ಕವನ್ನೂ ವಸೂಲಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಅಭಿವೃದ್ಧಿ ಮಾಡುವ ಕೆಲಸ ನಮ್ಮದು, ಹಾಗಾಗಿ ಶುಲ್ಕವೂ ನಮ್ಮದು ಅಂತ ಊಹಿಸಿಕೊಳ್ಳುವಂತಿಲ್ಲ.

ಈ ಪ್ರಶ್ನೆ ಮೆಸ್‌ನವರ ಚಲನ್‌ಗೆ ನೇರವಾಗಿ ತಾಗುತ್ತದೆ. ಪರವಾನಗಿ ಶುಲ್ಕದ 3,200ಕ್ಕೆ ಬೈಲಾ ಇದ್ದೇ ಇರುತ್ತದೆ. 2,400ರ ಸಾಲು ಎಲ್ಲಿಂದ ಬಂತು ಅನ್ನುವುದು ನನಗೆ ಅನುಮಾನ. ಬರೀ ಕೌನ್ಸಿಲ್ ನಿರ್ಣಯದ ಮೇಲೆ ನಿಂತಿದ್ದರೆ ಅದು ಬಹಳ ದುರ್ಬಲ. ತೆರಿಗೆ ಹಾಕುವುದಕ್ಕೆ 1964ರ ಪುರಸಭೆಗಳ ಕಾಯ್ದೆಯಲ್ಲಿ ಉದ್ದ ದಾರಿಯೇ ಇದೆ. ಪ್ರಕಟಣೆ ಹೊರಡಿಸಬೇಕು, ಜನರ ಆಕ್ಷೇಪಣೆ ಕೇಳಬೇಕು, ಸರ್ಕಾರದ ಮಂಜೂರಾತಿ ಬೇಕು. ಶುಲ್ಕ ಅನ್ನುವ ಹೆಸರಿಟ್ಟು ಆ ದಾರಿ ತಪ್ಪಿಸಿದ್ದರೆ ಬೀಳುವುದು ಅಲ್ಲೇ.

ಇನ್ನೊಂದು ತೊಡಕು ಕೂಡ ಪುರಸಭೆಗೆ ಇದೆ. 3,200 ಶುಲ್ಕವಲ್ಲ, ಉದ್ದಿಮೆಯ ಮೇಲಿನ ತೆರಿಗೆ ಅಂತಾದರೆ ಸಂವಿಧಾನದ 276ನೇ ವಿಧಿ ಅಡ್ಡ ಬರುತ್ತದೆ. ವೃತ್ತಿ, ವ್ಯಾಪಾರದ ಮೇಲಿನ ತೆರಿಗೆ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಹಾಗಾಗಿ ನಿಮ್ಮ ಪುರಸಭೆ 'ಇದು ತೆರಿಗೆ, ನಮಗೆ ಅಧಿಕಾರ ಇದೆ' ಅಂತ ಲಿಬರ್ಟಿ ದಾರಿ ಹಿಡಿಯುವುದು ಸುಲಭ ಅಲ್ಲ.

ಸಂತೆ ಹುಡುಗ, ಮದ್ದೂರು ಕಡೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೊಬೇಡಿ ಅಕ್ಕ. ನಮ್ಮದು ಸಂತೆ ಸುಂಕದ ಕಥೆ. ನಮ್ಮವ್ವ ವಾರದ ಸಂತೆಯಲ್ಲಿ ಸೊಪ್ಪು, ಬದನೆಕಾಯಿ ಹಾಕುತ್ತಾರೆ. ನೆಲದ ಮೇಲೆ ಒಂದು ಗೋಣಿಚೀಲ ಹಾಸುವಷ್ಟು ಜಾಗ. ಪಂಚಾಯಿತಿಯವರು ಸುಂಕವನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜು ಹಿಡಿದವರ ಹುಡುಗರು ಬಂದು 50 ರೂಪಾಯಿ ಕೇಳುತ್ತಾರೆ. ಕೊಡುವ ಚೀಟಿಯಲ್ಲಿ ಮೊತ್ತವೇ ಬರೆದಿರುವುದಿಲ್ಲ. ನೀರಿಲ್ಲ, ಹೆಂಗಸರಿಗೆ ಶೌಚಾಲಯ ಇಲ್ಲ. ಮಳೆ ಬಂದರೆ ಕೆಸರಲ್ಲೇ ಕೂರಬೇಕು. ಪಂಚಾಯಿತಿ ಇಷ್ಟು ದುಡ್ಡು ಎತ್ತಿ ಸಂತೆಮಾಳಕ್ಕೆ ಒಂದು ಬುಟ್ಟಿ ಜಲ್ಲಿ ಹಾಕಿಲ್ಲ. ಇದಕ್ಕೂ ಕ್ವಿಡ್ ಪ್ರೊ ಕೊ ಅನ್ವಯ ಆಗುತ್ತದಾ?

ನಿವೃತ್ತ ಲೆಕ್ಕಿಗ

ಆಗುತ್ತದೆ, ಸ್ವಲ್ಪ ಬೇರೆ ರೀತಿ. ಸಂತೆ ಸುಂಕದಲ್ಲಿ ದೊಡ್ಡ ಪಾಲು ಜಾಗ ಬಳಸಿದ್ದಕ್ಕೆ. ಪಂಚಾಯಿತಿ ನೆಲದ ಮೇಲೆ ನಿಮ್ಮ ತಾಯಿ ಚೀಲ ಹಾಸಿ ಕೂತರು ಅಂದರೆ ಆ ಮಟ್ಟಿಗೆ ಪ್ರತಿಫಲ ಸಿಕ್ಕಿತು ಅಂತಲೇ ಅವರು ಹೇಳುತ್ತಾರೆ. ನೀರು, ಶೌಚಾಲಯ ಇಲ್ಲ ಅನ್ನುವುದು ನ್ಯಾಯವಾದ ದೂರು. ಆದರೆ ಸುಂಕವೇ ಬೀಳುತ್ತದೆ ಅಂತ ಅದರ ಮೇಲೆ ಹೇಳುವುದು ಕಷ್ಟ.

ನಿಮ್ಮ ಕೇಸಿನಲ್ಲಿ ನಾನು ಬೇರೆ ಕಡೆ ನೋಡುತ್ತೇನೆ. ಹರಾಜಿನಲ್ಲಿ ಮಾರುವುದು ವಸೂಲಿ ಮಾಡುವ ಹಕ್ಕನ್ನು. ದರ ಬದಲಿಸುವ ಹಕ್ಕನ್ನು ಅಲ್ಲ. ಚೀಲಕ್ಕೆ ಇಷ್ಟು, ಕೈಗಾಡಿಗೆ ಇಷ್ಟು, ಲಗೇಜ್ ಆಟೋಗೆ ಇಷ್ಟು ಅಂತ ಪಂಚಾಯಿತಿ ಪಟ್ಟಿ ಮಾಡಿರಬೇಕು. ಹರಾಜಿನ ಷರತ್ತಿನಲ್ಲಿ ಆ ಪಟ್ಟಿಯನ್ನು ಸಂತೆಯಲ್ಲಿ ಬೋರ್ಡ್ ಹಾಕಬೇಕು, ಮೊತ್ತ ಮುದ್ರಿಸಿದ ರಸೀದಿ ಕೊಡಬೇಕು ಅಂತ ಸಾಮಾನ್ಯವಾಗಿ ಇರುತ್ತದೆ. ಪಿಡಿಒ ಅವರ ಹತ್ತಿರ ಷರತ್ತಿನ ನಕಲು ಕೇಳಿ. ಪಟ್ಟಿಯಲ್ಲಿ ಚೀಲಕ್ಕೆ 20 ಇದ್ದು, ಅವರು 50 ಎತ್ತುತ್ತಿದ್ದರೆ ಆ ಹೆಚ್ಚಿನ 30 ಶುಲ್ಕವೂ ಅಲ್ಲ, ತೆರಿಗೆಯೂ ಅಲ್ಲ. ಅದಕ್ಕೆ ಯಾವ ಕಾನೂನಿನ ಆಸರೆಯೂ ಇಲ್ಲ. ಮೊತ್ತ ಇಲ್ಲದ ಚೀಟಿ ಕೊಡುವುದು ಅದಕ್ಕೇ.

ಸಂತೆ ಹುಡುಗ, ಮದ್ದೂರು ಕಡೆ

ಬೋರ್ಡ್ ಅಂತೂ ನಾನು ಕಂಡಿಲ್ಲ ಸರ್. ಷರತ್ತಿನ ನಕಲು ಕೇಳುತ್ತೇನೆ. ಅವ್ವನ ಹೆಸರಲ್ಲಿ ಬೇಡ, ನನ್ನ ಹೆಸರಲ್ಲೇ ಅರ್ಜಿ ಹಾಕುತ್ತೇನೆ. ಅವರು ಮುಂದಿನ ವಾರವೂ ಅಲ್ಲೇ ಕೂರಬೇಕಲ್ಲ.

ಬೋಗಾದಿ ರಸ್ತೆ ನಿವಾಸಿ

ನನ್ನ ಕಂದಾಯದ ರಸೀದಿ ತೆಗೆದು ನೋಡಿದೆ. ತೆರಿಗೆಯ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಅಂತ ಇದೆ. ಕಸದ್ದೂ ಬೇರೆ ಇದೆ. ಈ ಸೆಸ್‌ಗಳು ತೆರಿಗೆಯೋ ಶುಲ್ಕವೋ? ಕಸದ್ದಕ್ಕಾದರೂ ಪ್ರತಿಫಲ ಕೇಳಬಹುದಾ?

ನಿವೃತ್ತ ಲೆಕ್ಕಿಗ

ಮೊದಲ ಮೂರು ನಮ್ಮ ರಾಜ್ಯದ ಬೇರೆ ಬೇರೆ ಕಾಯ್ದೆಗಳಿಂದ ಬಂದವು. ತೆರಿಗೆಯ ಮೇಲೆ ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರದ್ದು ಶೇ 3. ಸ್ಥಳೀಯ ಸಂಸ್ಥೆ ಅವನ್ನು ಎತ್ತಿ ಬೇರೆಯವರಿಗೆ ದಾಟಿಸಬೇಕು. ಇಂಥ ಕೆಲಸಕ್ಕೆ ಅಂತ ಮೀಸಲಿಟ್ಟಿದ್ದಾರೆ, ಆದರೆ ನೀವು ಗ್ರಂಥಾಲಯದ ಮೆಟ್ಟಿಲು ಹತ್ತದಿದ್ದರೂ ಕಟ್ಟಲೇಬೇಕು. ತೆರಿಗೆಯ ಜಾತಿಯವು ಅಂತಲೇ ಇಟ್ಟುಕೊಳ್ಳಿ. ಕಸದ್ದರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮೆಸ್‌ನವರ ಎರಡನೇ ಸಾಲೂ ಅದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೇಂದ್ರದ ಘನತ್ಯಾಜ್ಯ ನಿಯಮಗಳಲ್ಲಿ ಕಸ ಹುಟ್ಟಿಸುವವರಿಂದ ಬಳಕೆದಾರ ಶುಲ್ಕ ಪಡೆಯಬಹುದು ಅಂತ ಇದೆ. ಮನೆಗಿಂತ ಹೋಟೆಲ್ ಕಸ ಜಾಸ್ತಿ, ಹಾಗಾಗಿ ಬೇರೆ ಶುಲ್ಕ ಇರುವುದರಲ್ಲಿ ತಪ್ಪಿಲ್ಲ. ಆದರೆ ಒಂದೇ ಆಟೋ, ಅದೇ ಪೌರಕಾರ್ಮಿಕರು, ಅದೇ ವಿಲೇವಾರಿ ಘಟಕ. ಅದರ ಖರ್ಚನ್ನು ಸೆಸ್‌ನ ಎದುರು ಒಂದು ಸಲ, ಲೈಸೆನ್ಸ್ ಜೊತೆಗಿನ ಶುಲ್ಕದ ಎದುರು ಇನ್ನೊಂದು ಸಲ ತೋರಿಸಿದರೆ ಅದು ಸರಿಯಾದ ಲೆಕ್ಕ ಅಲ್ಲ. ಎರಡೂ ಆದಾಯ ಕೂಡಿಸಿ, ಒಂದೇ ಖರ್ಚಿನ ಎದುರು ಇಡಬೇಕು.

ಹಾಗೆ ಇಟ್ಟರೆ ಏನು ಕಾಣುತ್ತದೆ ಗೊತ್ತಾ? ನಾನು ನೋಡಿದ ಪುರಸಭೆಗಳಲ್ಲಿ ಕಸದ ಖರ್ಚೇ ಆದಾಯಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅಂದರೆ 'ಜಾಸ್ತಿ ಎತ್ತಿದ್ದಾರೆ' ಅನ್ನುವ ವಾದ ಲೈಸೆನ್ಸ್ ಶುಲ್ಕದಲ್ಲಿ ನಿಲ್ಲಬಹುದು, ಕಸದ ಶುಲ್ಕದಲ್ಲಿ ನಿಲ್ಲುವುದಿಲ್ಲ.

ಹಕ್ಕಿನ ಮಾತು

ಒಟ್ಟು ಲೆಕ್ಕ ನಿಲ್ಲದಿದ್ದರೂ ಮೆಸ್ ಅಣ್ಣನ ಹಸಿ ಕಸ ಹಂದಿ ಸಾಕುವವರಿಗೆ ಹೋಗುತ್ತಿದೆ. ಪುರಸಭೆಗೆ ಆ ಭಾರವೇ ಇಲ್ಲ. ಇಲ್ಲದ ಸೇವೆಗೆ ಶುಲ್ಕ ಕೇಳುವುದು ನನಗಂತೂ ನ್ಯಾಯ ಅನಿಸುವುದಿಲ್ಲ. ನಿಮ್ಮ ಎಲ್ಲ ತೀರ್ಪು ಓದಿದ ಮೇಲೂ ಇದನ್ನೇ ಹೇಳುತ್ತೇನೆ.

ಮಂಡ್ಯ ವಕೀಲೆ

ಅದು ಗಟ್ಟಿ ಪ್ರಶ್ನೆ. ಬಳಕೆದಾರ ಶುಲ್ಕವನ್ನು ಲೈಸೆನ್ಸ್ ಶುಲ್ಕದ ಹಾಗೆ ನೋಡುವಂತಿಲ್ಲ ಅನ್ನುವುದು ನನ್ನ ವಾದವೂ ಹೌದು. ಬಳಸಿದವರು ಕೊಡಬೇಕಾದ್ದು ಅದು. ಎದುರಿನವರು ಎರಡು ಮಾತು ಹೇಳುತ್ತಾರೆ. ಆಟೋ ದಿನಾ ಬಾಗಿಲಿಗೆ ಬರುತ್ತದೆ, ನೀವು ಹಾಕದಿದ್ದರೆ ನಮ್ಮ ತಪ್ಪಲ್ಲ ಅನ್ನುತ್ತಾರೆ. ಒಣ ಕಸ ಹಾಕುತ್ತೀರಲ್ಲ ಅನ್ನುತ್ತಾರೆ. ಕಲ್ಲಿಕೋಟೆ ತೀರ್ಪನ್ನೂ ಎತ್ತುತ್ತಾರೆ. ಇದರಲ್ಲಿ ಯಾವ ಕಡೆ ವಾಲುತ್ತದೆ ಅನ್ನುವುದು ಬೈಲಾದ ಮಾತಿನ ಮೇಲೆ ನಿಂತಿದೆ. 'ಕಸ ಸಂಗ್ರಹಿಸಿದ್ದಕ್ಕೆ' ಅಂತ ಇದೆಯೋ, 'ಕಸ ಉಂಟುಮಾಡುವ ಪ್ರತಿ ಉದ್ದಿಮೆಗೆ' ಅಂತ ಇದೆಯೋ ನೋಡಿ. ಎರಡನೆಯದಾದರೆ ಹಂದಿ ಡ್ರಮ್ ನಿಮ್ಮನ್ನು ಕಾಪಾಡುವುದಿಲ್ಲ.

ಈಗ ಕೆಲಸದ ಮಾತು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 'ಯಾಕೆ ಏರಿಸಿದಿರಿ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ ಅಂತ ತಳ್ಳಿಹಾಕುತ್ತಾರೆ. ದಾಖಲೆ ಕೇಳಿ. 3,200 ಮತ್ತು 2,400 ನಿಗದಿಯಾದ ಬೈಲಾ, ನಿರ್ಣಯ, ಸರ್ಕಾರದ ಮಂಜೂರಾತಿಯ ನಕಲು. ಕಳೆದ ಮೂರು ವರ್ಷ ಲೈಸೆನ್ಸ್ ಶುಲ್ಕದಿಂದ ಬಂದ ಮೊತ್ತ. ಅದೇ ಮೂರು ವರ್ಷ ಲೈಸೆನ್ಸ್ ನೀಡಿಕೆ, ತಪಾಸಣೆಗೆ ಆದ ಖರ್ಚಿನ ವಿವರ. 30 ದಿನದಲ್ಲಿ ಉತ್ತರ ಕೊಡಬೇಕು.

ಮೆಸ್ ನಡೆಸುವವ

ಆಕ್ಷೇಪಣೆ ಪತ್ರ ಕೊಟ್ಟು, ಮೊಹರು ಹಾಕಿಸಿಕೊಂಡು 5,600 ಕಟ್ಟಿದೆ. ಅರ್ಜಿಯನ್ನೂ ಅವತ್ತೇ ಹಾಕಿದೆ. ಉತ್ತರ ಬಂದಿದೆ.

ಪರವಾನಗಿ ಶುಲ್ಕಕ್ಕೆ ಬೈಲಾ ಮತ್ತು ದರಪಟ್ಟಿ ಕೊಟ್ಟಿದ್ದಾರೆ. ಹೊಸ ದರ ಅದರಲ್ಲಿದೆ. ಘನತ್ಯಾಜ್ಯ ಶುಲ್ಕಕ್ಕೆ ಕೊಟ್ಟಿರುವುದು ಒಂದು ಪುಟದ ನಿರ್ಣಯ ಮಾತ್ರ. ಅದರಲ್ಲಿ 'ಹೋಟೆಲ್, ಮೆಸ್, ಬೇಕರಿಗಳಿಗೆ ಲೈಸೆನ್ಸ್ ಜೊತೆಗೆ ತಿಂಗಳಿಗೆ 200 ರೂಪಾಯಿಯಂತೆ ವಸೂಲಿ ಮಾಡಲು ಸಭೆ ತೀರ್ಮಾನಿಸಿತು' ಅಂತಿದೆ. ಬೈಲಾ ಕೊಟ್ಟಿಲ್ಲ. ಲೈಸೆನ್ಸ್ ಆದಾಯ ಮೂರೂ ವರ್ಷದ್ದು ಕೊಟ್ಟಿದ್ದಾರೆ. ಖರ್ಚಿನ ಕಾಲಂನಲ್ಲಿ 'ಪ್ರತ್ಯೇಕವಾಗಿ ನಿರ್ವಹಿಸಿರುವುದಿಲ್ಲ' ಅಂತ ಬರೆದಿದ್ದಾರೆ.

ನಿವೃತ್ತ ಲೆಕ್ಕಿಗ

ಪ್ರತ್ಯೇಕವಾಗಿ ಇಟ್ಟಿಲ್ಲ ಅನ್ನುವುದು ನಿಜವೇ ಇರಬಹುದು. ಎಲ್ಲ ಪುರಸಭಾ ನಿಧಿಗೇ ಹೋಗುತ್ತದೆ. ಅಷ್ಟರಿಂದಲೇ ಅದು ತೆರಿಗೆ ಆಗುವುದಿಲ್ಲ, ನೆನಪಿರಲಿ. ಆದರೆ ಖರ್ಚು ಹುಡುಕುವುದು ಕಷ್ಟ ಅಲ್ಲ. ಸಂಬಳದ ಬಿಲ್ಲಿನಲ್ಲಿ ಆರೋಗ್ಯ ಶಾಖೆ ಬೇರೆ ಇರುತ್ತದೆ. ನಿರೀಕ್ಷಕರ ಕೆಲಸ ಹಂಚಿಕೆ ಆದೇಶ, ಜೀಪಿನ ಲಾಗ್ ಬುಕ್, ತಪಾಸಣೆ ರಿಜಿಸ್ಟರ್ ಕೇಳಿ. ತಪಾಸಣೆ ರಿಜಿಸ್ಟರ್ ಖಾಲಿ ಇದ್ದರೆ ಏಳು ಲಕ್ಷ ಅಂತ ನಾನು ಉದಾರವಾಗಿ ಹಿಡಿದ ಪಾಲು ಅಲ್ಲೇ ಕರಗುತ್ತದೆ.

ಮಂಡ್ಯ ವಕೀಲೆ

ನನಗೆ ಆ ಒಂದು ಪುಟದ ನಿರ್ಣಯವೇ ಮುಖ್ಯ. 2,400ರ ಬಗ್ಗೆ ಮಾತ್ರ ಬೇರೆ ಅರ್ಜಿ ಬರೆದು, ಯಾವ ಬೈಲಾ ಆಧಾರ ಅಂತ ಮುಖ್ಯಾಧಿಕಾರಿಗಳನ್ನು ಲಿಖಿತವಾಗಿ ಕೇಳಿ. ನಿಮ್ಮ ಬೀದಿಯ ಬೇಕರಿ, ಹೋಟೆಲಿನವರನ್ನೂ ಸೇರಿಸಿಕೊಳ್ಳಿ. ಒಬ್ಬರ 2,400ಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತುವುದು ಲಾಭ ಇಲ್ಲ, ಹತ್ತಾರು ಜನ ಸೇರಿದರೆ ಲೆಕ್ಕ ಬೇರೆ. 3,200ರ ವಿಷಯದಲ್ಲಿ ನಾನು ಅವಸರ ಪಡುವುದಿಲ್ಲ.

ಹಕ್ಕಿನ ಮಾತು

ನಾನಾದರೆ ಎರಡನ್ನೂ ಹಿಡಿಯುತ್ತೇನೆ. ರಿಜಿಸ್ಟರ್ ಖಾಲಿ ಇದ್ದರೆ ನಿಯಂತ್ರಣವೇ ನಡೆದಿಲ್ಲ ಅಂತ ಆಯಿತಲ್ಲ, ಆಮೇಲೆ ನಿಯಂತ್ರಣದ ಶುಲ್ಕ ಎಲ್ಲಿಂದ ಬಂತು?

ಮೆಸ್ ನಡೆಸುವವ

ಬೇಕರಿಯವರು ಬರುತ್ತೇನೆ ಅಂದಿದ್ದಾರೆ. ಹೋಟೆಲಿನ ಒಬ್ಬರು 'ಸುಮ್ನೆ ಯಾಕೆ, ನಾಳೆ ತಪಾಸಣೆಗೆ ನಮ್ಮ ಮೇಲೇ ಬರುತ್ತಾರೆ' ಅಂದರು. ತಪಾಸಣೆ ರಿಜಿಸ್ಟರಿನ ನಕಲಿಗೆ ಇವತ್ತು ಎರಡನೇ ಅರ್ಜಿ ಕೊಟ್ಟಿದ್ದೇನೆ. ಮುಖ್ಯಾಧಿಕಾರಿಗಳಿಗೆ ಬೈಲಾ ಕೇಳುವ ಪತ್ರವನ್ನೂ ಜೊತೆಗೆ ಕೊಟ್ಟೆ.